ಒಂದೇ ಹಬ್ಬಕ್ಕೆ ಎರಡು ದಿನ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಆಗಸ್ಟ್ 15ರ ರಾತ್ರಿ ಬಸ್ ಹತ್ತಿ ಬೆಂಗಳೂರಿನಿಂದ ಉಡುಪಿಗೆ ಹೋದೆ. ಗೋಡೆಯ ಕ್ಯಾಲೆಂಡರಿನಲ್ಲಿ 16ರ ಚೌಕದೊಳಗೆ ಪುಟ್ಟ ಕೃಷ್ಣನ ಚಿತ್ರ ಇತ್ತು, ಅದನ್ನೇ ನಂಬಿದ್ದೆ. ಬೆಳಗ್ಗೆ ರಥಬೀದಿಗೆ ಬಂದರೆ ಎಂದಿನ ಶನಿವಾರದ ಜನ ಅಷ್ಟೇ. ಮೊಸರು ಕುಡಿಕೆಗೆ ನೆಟ್ಟ ಕಂಬ ಇಲ್ಲ, ಹುಲಿವೇಷದ ತಾಸೆ ಸದ್ದಿಲ್ಲ. ಹೂವಿನಂಗಡಿಯಾಕೆ ನಕ್ಕು ಹೇಳಿದರು: "ಅಷ್ಟಮಿ ಬರುವ ತಿಂಗಳು ಮಾರಾಯ್ರೆ. ಇದಿನ್ನೂ ಆಟಿ!"

ಆ ಪೆಚ್ಚುತನದಿಂದಲೇ ಹಬ್ಬದ ದಿನಗಳ ಬಗ್ಗೆ ಒಂದು ಪುಟ್ಟ ವಿಡಿಯೋ ಮಾಡಿದೆ. ನಾಲ್ಕು ನಿಮಿಷದಲ್ಲಿ ಹೇಳಲಾಗದ್ದು ಜಾಸ್ತಿ ಉಳಿಯಿತು. ಆಮೇಲೆ ನೆಂಟರು, ನೆರೆಯವರು, ವಿಡಿಯೋ ನೋಡಿದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಇಲ್ಲಿರುವ ಗಂಟೆ, ನಿಮಿಷಗಳೆಲ್ಲ ದೃಗ್ಗಣಿತದ, ಅಂದರೆ ಇಂದಿನ ಖಗೋಳ ಲೆಕ್ಕ ಬಳಸುವ ಪಂಚಾಂಗದವು, ಭಾರತದ ಸಮಯ.

## ಮೊದಲ ಪಾಠ

ಆಗಸ್ಟ್ 15 ಅಲ್ಲಾಡಲ್ಲ, ಯುಗಾದಿ ಮಾತ್ರ ಯಾಕೆ ಹಿಂದೆ ಮುಂದೆ ಓಡಾಡುತ್ತೆ?

ಆಗಸ್ಟ್ 15 ಸೂರ್ಯನನ್ನು ನೋಡಿ ಮಾಡಿದ ಕ್ಯಾಲೆಂಡರಿನ ದಿನ. ಯುಗಾದಿ ಚಂದ್ರನನ್ನು ನೋಡಿ ಮಾಡಿದ ದಿನ. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ಸಲ ಕೂಡಿದರೆ 354 ದಿನ ಆಗುತ್ತದೆ. ನಮ್ಮ ಇಂಗ್ಲಿಷ್ ಕ್ಯಾಲೆಂಡರಿಗೆ 365. ಹಾಗಾಗಿ ಚಾಂದ್ರಮಾನದ ಹಬ್ಬ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಜಾರುತ್ತದೆ. 2024ರಲ್ಲಿ ಯುಗಾದಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19.

ಹೀಗೇ ಜಾರುತ್ತಾ ಹೋಗುವುದಿಲ್ಲ. 2027ಕ್ಕೆ ಮತ್ತೆ ಏಪ್ರಿಲ್ 7ಕ್ಕೆ ಹಾರುತ್ತದೆ. ನಡುವೆ ಒಂದು ಅಧಿಕ ಮಾಸ ಬಂದು ಹೋಗಿರುತ್ತದೆ.

ರಂಜಾನ್ ಬೇಸಿಗೆ, ಮಳೆಗಾಲ, ಚಳಿಗಾಲ ಎಲ್ಲದರಲ್ಲೂ ಬರುತ್ತೆ. ದೀಪಾವಳಿ ಯಾಕೆ ಮಳೆಗಾಲಕ್ಕೆ ಬರಲ್ಲ?

ಇಸ್ಲಾಮಿಕ್ ಕ್ಯಾಲೆಂಡರ್ ಪೂರ್ತಿ ಚಂದ್ರನದ್ದು. ಅಲ್ಲಿ ಆ 11 ದಿನದ ಸಾಲವನ್ನು ಯಾರೂ ತೀರಿಸುವುದಿಲ್ಲ. ಹಾಗಾಗಿ ರಂಜಾನ್ ತಿಂಗಳು ಸುಮಾರು 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ನಮ್ಮ ಪಂಚಾಂಗ ತಿಂಗಳನ್ನು ಚಂದ್ರನಿಂದ ಎಣಿಸಿದರೂ ವರ್ಷವನ್ನು ಸೂರ್ಯನಿಗೆ ಕಟ್ಟಿಹಾಕಿದೆ. ಸಾಲ ಒಂದು ತಿಂಗಳಿನಷ್ಟು ಬೆಳೆದಾಗ ಒಂದು ತಿಂಗಳನ್ನೇ ಸೇರಿಸಿ ತೀರಿಸುತ್ತದೆ. ಸರಾಸರಿ ಮೂವತ್ತೆರಡೂವರೆ ತಿಂಗಳಿಗೊಮ್ಮೆ ಇದು ನಡೆಯುತ್ತದೆ.

ಯಾವ ತಿಂಗಳು ಅಧಿಕ ಅಂತ ಯಾರು ತೀರ್ಮಾನ ಮಾಡ್ತಾರೆ?

ಯಾರೂ ಮಾಡುವುದಿಲ್ಲ, ಅದು ಲೆಕ್ಕದಿಂದಲೇ ಬೀಳುತ್ತದೆ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ಹೋಗುವುದೇ ಸಂಕ್ರಮಣ. ಸಾಮಾನ್ಯವಾಗಿ ಎರಡು ಅಮಾವಾಸ್ಯೆಗಳ ನಡುವೆ ಒಂದು ಸಂಕ್ರಮಣ ಇರುತ್ತದೆ. ಇಲ್ಲದಿದ್ದರೆ ಆ ತಿಂಗಳು ಅಧಿಕ.

2023ನ್ನೇ ನೋಡಿ. ಸೂರ್ಯ ಕರ್ಕ ರಾಶಿಗೆ ಬಂದದ್ದು ಜುಲೈ 17ರ ನಸುಕಿನಲ್ಲಿ. ಅದೇ ದಿನ ನಡುರಾತ್ರಿಯ ಹೊತ್ತಿಗೆ ಅಮಾವಾಸ್ಯೆ ಮುಗಿದು ಹೊಸ ತಿಂಗಳು ಶುರುವಾಯಿತು. ಅಂದರೆ ಸಂಕ್ರಮಣ ಹಿಂದಿನ ತಿಂಗಳ ಕೊನೆಯಲ್ಲೇ ಆಗಿಹೋಯಿತು. ಮುಂದಿನ ಅಮಾವಾಸ್ಯೆ ಮುಗಿದದ್ದು ಆಗಸ್ಟ್ 16ರ ಮಧ್ಯಾಹ್ನ. ಸೂರ್ಯ ಸಿಂಹಕ್ಕೆ ಹೋದದ್ದು ಅದರ ಮರುದಿನ, 17ಕ್ಕೆ. ನಡುವಿನ ಇಡೀ ತಿಂಗಳು ಸೂರ್ಯ ಕರ್ಕದಲ್ಲೇ ಕೂತಿದ್ದ. ಹಾಗಾಗಿ ಅದು ಅಧಿಕ ಶ್ರಾವಣವಾಯಿತು. ಹಬ್ಬಗಳೆಲ್ಲ ಆಮೇಲೆ ಬಂದ ನಿಜ ಶ್ರಾವಣಕ್ಕೆ ಹೋದವು. ಆ ವರ್ಷ ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 25ಕ್ಕೆ ಬಂತು, ಹಿಂದಿನ ವರ್ಷ ಆಗಸ್ಟ್ 5ಕ್ಕೇ ಮುಗಿದಿತ್ತು.

2020ರಲ್ಲಿ ಆಶ್ವಯುಜವೇ ಅಧಿಕವಾಗಿತ್ತು. ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 17ಕ್ಕೆ ಆಯಿತು, ನವರಾತ್ರಿ ಶುರುವಾದದ್ದು ಅಕ್ಟೋಬರ್ 17ಕ್ಕೆ. ಪಕ್ಷಮಾಸ ಮುಗಿದ ಮರುದಿನವೇ ಗೊಂಬೆ ಕೂರಿಸಿ ಅಭ್ಯಾಸವಿದ್ದ ನಮ್ಮ ಅತ್ತೆ ಆ ತಿಂಗಳೆಲ್ಲ ಚಡಪಡಿಸಿದ್ದು ನನಗೆ ಈಗಲೂ ನೆನಪಿದೆ.

ಸಂಕ್ರಾಂತಿ ಪ್ರತಿ ವರ್ಷ ಜನವರಿ 14ಕ್ಕೇ ಬರುತ್ತಲ್ಲ? ಮತ್ತೆ ಕೆಲವು ಸಲ 15 ಯಾಕೆ?

ಸಂಕ್ರಾಂತಿಗೂ ಚಂದ್ರನಿಗೂ ಸಂಬಂಧವಿಲ್ಲ. ಸೂರ್ಯ ಮಕರ ರಾಶಿಗೆ ಬರುವ ಕ್ಷಣ ಅದು. ಆ ಕ್ಷಣ ಪ್ರತಿ ವರ್ಷ ಆರು ಗಂಟೆ ಚಿಲ್ಲರೆ ಮುಂದಕ್ಕೆ ಹೋಗುತ್ತದೆ. 2025ರಲ್ಲಿ ಜನವರಿ 14ರ ಬೆಳಗ್ಗೆ 9ರ ಸುಮಾರಿಗೆ, 2026ರಲ್ಲಿ ಅದೇ ದಿನ ಮಧ್ಯಾಹ್ನ 3ರ ಸುಮಾರಿಗೆ, 2027ರಲ್ಲಿ ರಾತ್ರಿ 9 ದಾಟಿದ ಮೇಲೆ. ಸೂರ್ಯ ಮುಳುಗಿದ ಮೇಲೆ ಆದರೆ ಹಬ್ಬ ಮರುದಿನಕ್ಕೆ ಅಂತ ಹಲವರ ಲೆಕ್ಕ, ಆಗ ಕ್ಯಾಲೆಂಡರಿನಲ್ಲಿ 15 ಬರುತ್ತದೆ. ಫೆಬ್ರವರಿಗೆ 29 ದಿನ ಸಿಕ್ಕ ವರ್ಷದ ನಂತರ ಮತ್ತೆ ಒಂದು ದಿನ ಹಿಂದಕ್ಕೆ ಬರುತ್ತದೆ.

ಇದರ ಹಿಂದೆ ಇನ್ನೂ ನಿಧಾನದ ಇನ್ನೊಂದು ಜಾರುವಿಕೆ ಇದೆ. ನಮ್ಮ ರಾಶಿಗಳು ನಕ್ಷತ್ರಗಳಿಗೆ ಅಂಟಿಕೊಂಡಿವೆ, ಇಂಗ್ಲಿಷ್ ಕ್ಯಾಲೆಂಡರ್ ಋತುಗಳಿಗೆ. ಎರಡರ ವರ್ಷಕ್ಕೆ 20 ನಿಮಿಷ ವ್ಯತ್ಯಾಸ. ಸುಮಾರು 72 ವರ್ಷಕ್ಕೆ ಅದು ಒಂದು ದಿನವಾಗುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯ ದಿನ. ಆ ದಿನ 1863ರ ಜನವರಿ 12.

## ಸ್ವಲ್ಪ ಒಳಗೆ ಹೋದರೆ

ಉತ್ತರ ಭಾರತದವರ ಶ್ರಾವಣ ನಮಗಿಂತ 15 ದಿನ ಮೊದಲೇ ಶುರುವಾಗುತ್ತಲ್ಲ, ಅವರ ಹಬ್ಬಗಳೂ ಮೊದಲೇನಾ?

ಅಲ್ಲ. ತಿಂಗಳ ಹೆಸರು ಮಾತ್ರ ಬೇರೆ. ನಮ್ಮಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಅವರಲ್ಲಿ ಹುಣ್ಣಿಮೆಗೆ. ಶುಕ್ಲ ಪಕ್ಷದಲ್ಲಿ ಇಬ್ಬರೂ ಒಂದೇ ಹೆಸರು ಹೇಳುತ್ತಾರೆ. ಹುಣ್ಣಿಮೆ ಕಳೆದ ಮೇಲೆ ಅವರು ಮುಂದಿನ ತಿಂಗಳ ಹೆಸರಿಗೆ ಹೋಗಿಬಿಡುತ್ತಾರೆ. ನಮ್ಮ ಶ್ರಾವಣ ಬಹುಳ ಅಷ್ಟಮಿಯೇ ಅವರ ಭಾದ್ರಪದ ಕೃಷ್ಣ ಅಷ್ಟಮಿ. ಶಿವರಾತ್ರಿ ನಮಗೆ ಮಾಘದಲ್ಲಿ, ಅವರಿಗೆ ಫಾಲ್ಗುಣದಲ್ಲಿ, ಆದರೆ ರಾತ್ರಿ ಒಂದೇ.

ವ್ಯತ್ಯಾಸ ಕಾಣುವುದು ಇಡೀ ತಿಂಗಳಿಗೆ ಅಂಟಿದ ವ್ರತಗಳಲ್ಲಿ. 2025ರಲ್ಲಿ ಅವರ ಶ್ರಾವಣ ಜುಲೈ 11ಕ್ಕೆ ಶುರುವಾಯಿತು, ನಮ್ಮದು 25ಕ್ಕೆ. ಹಾಗಾಗಿ ಶ್ರಾವಣ ಸೋಮವಾರಗಳ ಲೆಕ್ಕ ಇಬ್ಬರದ್ದೂ ಬೇರೆ.

ತಿಥಿ ಅಂದ್ರೆ ದಿನ ಅಲ್ವಾ? ಬೆಳಗ್ಗೆ 6:52ಕ್ಕೆ ಶುರು ಅಂದ್ರೆ ಏನರ್ಥ?

ತಿಥಿ ದಿನ ಅಲ್ಲ. ಆಕಾಶದಲ್ಲಿ ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಹೋಗಲು ಹಿಡಿಯುವ ಹೊತ್ತು. ಚಂದ್ರ ಒಮ್ಮೆ ಬೇಗ ಓಡುತ್ತಾನೆ, ಒಮ್ಮೆ ನಿಧಾನ. ಹಾಗಾಗಿ ತಿಥಿ ಸುಮಾರು 20 ಗಂಟೆಯೂ ಇರಬಹುದು, 26 ಗಂಟೆಯೂ ಇರಬಹುದು. ಶುರುವಾಗುವುದಕ್ಕೂ ಹೊತ್ತುಗೊತ್ತಿಲ್ಲ.

ದಿನಕ್ಕೆ ಹೆಸರು ಕೊಡಬೇಕಲ್ಲ? ಅದಕ್ಕೆ ಸೂರ್ಯ ಹುಟ್ಟುವಾಗ ಯಾವ ತಿಥಿ ಇದೆಯೋ ಆ ದಿನಕ್ಕೆ ಅದೇ ಹೆಸರು ಅಂತ ಇಟ್ಟುಕೊಂಡಿದ್ದಾರೆ. 2026ರ ಯುಗಾದಿಯಲ್ಲಿ ಇದೇ ಸ್ವಾರಸ್ಯ. ಮಾರ್ಚ್ 19ರಂದು ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವಾಗ ಇನ್ನೂ ಅಮಾವಾಸ್ಯೆ. 6:52ಕ್ಕೆ ಪಾಡ್ಯ ಶುರು. ಮರುದಿನ ಸೂರ್ಯ ಹುಟ್ಟುವ ಮೊದಲೇ, 4:52ಕ್ಕೆ, ಪಾಡ್ಯ ಮುಗಿಯುತ್ತದೆ. ಅಂದರೆ ಆ ಪಾಡ್ಯ ಒಂದು ಸೂರ್ಯೋದಯವನ್ನೂ ಕಾಣುವುದಿಲ್ಲ. ಇದನ್ನೇ ಕ್ಷಯ ತಿಥಿ ಅನ್ನುತ್ತಾರೆ. ಪಾಡ್ಯ ಪೂರ್ತಿ 19ರೊಳಗೇ ಸಿಕ್ಕಿಕೊಂಡದ್ದರಿಂದ ಬೆಳಗ್ಗೆ ಅಮಾವಾಸ್ಯೆ ಇದ್ದರೂ ಯುಗಾದಿ 19ಕ್ಕೇ.

ಊರೆಲ್ಲ ಆಗಸ್ಟ್‌ನಲ್ಲಿ ಕೃಷ್ಣಾಷ್ಟಮಿ ಮಾಡಿದ್ರೆ ಉಡುಪಿಯಲ್ಲಿ ಸೆಪ್ಟೆಂಬರ್ ಯಾಕೆ? ಕೃಷ್ಣ ಎರಡು ಸಲ ಹುಟ್ಟಿದನಾ?

ಕೃಷ್ಣ ಹುಟ್ಟಿದ ಗಳಿಗೆಗೆ ಕತೆಯಲ್ಲಿ ಹಲವು ಗುರುತುಗಳಿವೆ: ಬಹುಳ ಅಷ್ಟಮಿ, ನಡುರಾತ್ರಿ, ರೋಹಿಣಿ ನಕ್ಷತ್ರ. ತಿಂಗಳು ಯಾವುದು ಅಂದರೆ ಚಾಂದ್ರಮಾನದವರು ಶ್ರಾವಣ ಅನ್ನುತ್ತಾರೆ, ಸೌರಮಾನದವರು ಸಿಂಹ ಅನ್ನುತ್ತಾರೆ. ಪ್ರತಿ ವರ್ಷ ಇವೆಲ್ಲ ಒಟ್ಟಿಗೆ ಕೂಡಿ ಬರುವುದಿಲ್ಲ. ಕೂಡದಿದ್ದಾಗ ಯಾವುದನ್ನು ಬಿಡುವುದು, ಯಾವುದನ್ನು ಹಿಡಿಯುವುದು? ಜಗಳ ಇರುವುದು ಇಲ್ಲೇ.

ತುಳುನಾಡಿನಲ್ಲಿ ದಿನ ಬಳಕೆಯ ಕ್ಯಾಲೆಂಡರೇ ಸೌರಮಾನದ್ದು. ಅಲ್ಲಿ ಹೊಸ ವರ್ಷ ಏಪ್ರಿಲ್ ನಡುವಿನ ಬಿಸು. ಸೂರ್ಯ ಕರ್ಕದಲ್ಲಿದ್ದರೆ ಆಟಿ ತಿಂಗಳು, ಸಿಂಹಕ್ಕೆ ಬಂದರೆ ಸೋಣ. ಉಡುಪಿಯ ಕೃಷ್ಣಮಠದ ಅಷ್ಟಮಿಯೂ ಸೌರಮಾನದ್ದೇ, ಸೂರ್ಯ ಸಿಂಹದಲ್ಲಿ ಇರಬೇಕು.

ಈಗ 2025ಕ್ಕೆ ಬನ್ನಿ. ಶ್ರಾವಣ ಬಹುಳ ಅಷ್ಟಮಿ ಶುರುವಾದದ್ದು ಆಗಸ್ಟ್ 15ರ ರಾತ್ರಿ 11:49ಕ್ಕೆ, ಮುಗಿದದ್ದು 16ರ ರಾತ್ರಿ 9:34ಕ್ಕೆ. ನಡುರಾತ್ರಿ ಅಷ್ಟಮಿ ಇರಲೇಬೇಕು ಅನ್ನುವವರಿಗೆ 15ರ ರಾತ್ರಿಯೇ ಹಬ್ಬ. ಸೂರ್ಯ ಹುಟ್ಟುವಾಗ ಅಷ್ಟಮಿ ಇರಬೇಕು ಅನ್ನುವವರಿಗೆ 16. ರೋಹಿಣಿ ಈ ಎರಡೂ ರಾತ್ರಿ ಸಿಗಲಿಲ್ಲ, ಅದು ಬಂದದ್ದು 17ರ ಬೆಳಗಿನ ಜಾವ. ಇನ್ನು ಸೂರ್ಯ? ಅವನು ಸಿಂಹಕ್ಕೆ ಕಾಲಿಟ್ಟದ್ದು 17ರ ರಾತ್ರಿ ಸುಮಾರು 2 ಗಂಟೆಗೆ. ಅಷ್ಟಮಿ ಮುಗಿದು ಆಗಲೇ ನಾಲ್ಕೂವರೆ ಗಂಟೆ ಕಳೆದಿತ್ತು. ಇಷ್ಟೇ ಇಷ್ಟು ಅಂತರದಲ್ಲಿ ಆ ಅಷ್ಟಮಿ ಸಿಂಹಮಾಸದ ಹೊರಗೆ ಉಳಿಯಿತು. ಹೂವಿನಂಗಡಿಯಾಕೆ "ಇದಿನ್ನೂ ಆಟಿ" ಅಂದದ್ದರ ಅರ್ಥ ಇದು.

ಹಾಗಾಗಿ ಉಡುಪಿ ಮುಂದಿನ ಬಹುಳ ಅಷ್ಟಮಿಗೆ ಕಾಯಿತು. ಸೂರ್ಯ ಸಿಂಹದಲ್ಲಿ ಇರುವುದು ಸೆಪ್ಟೆಂಬರ್ ನಡುವಿನ ತನಕ. ಸೆಪ್ಟೆಂಬರ್ 14ರ ನಸುಕಿನಲ್ಲಿ ಅಷ್ಟಮಿ ಶುರುವಾಗಿ 15ರ ಬೆಳಗಿನ ಜಾವ 3 ಗಂಟೆಯವರೆಗೂ ಇತ್ತು. 14ರ ಬೆಳಗ್ಗೆ ಬಂದ ರೋಹಿಣಿ ಆ ರಾತ್ರಿಯಿಡೀ ಇತ್ತು. ಅಷ್ಟಮಿ, ರೋಹಿಣಿ, ಸಿಂಹದ ಸೂರ್ಯ, ಮೂರೂ ಒಂದೇ ನಡುರಾತ್ರಿಗೆ ಸಿಕ್ಕವು. ಆ ಲೆಕ್ಕದಲ್ಲಿ ನೋಡಿದರೆ ಉಡುಪಿಯ ದಿನವೇ ಕತೆಗೆ ಹೆಚ್ಚು ಹತ್ತಿರ ಅಂತ ನನಗನ್ನಿಸುತ್ತದೆ. ಆದರೆ ತಿಂಗಳನ್ನು ಚಂದ್ರನಿಂದಲೇ ಎಣಿಸುವವರಿಗೆ ಅದು ಭಾದ್ರಪದ ಬಹುಳ. ಆ ತಿಂಗಳಲ್ಲಿ ಕೃಷ್ಣನ ಹುಟ್ಟುಹಬ್ಬ ಅಂದರೆ ಅವರು ಒಪ್ಪುವುದಿಲ್ಲ.

ನಾನು ಎರಡನೇ ಸಲ ಹೋದೆ, ಈ ಸಲ ಸರಿಯಾದ ದಿನಕ್ಕೆ. ಅಷ್ಟಮಿಯ ಚಂದ್ರ ಹುಟ್ಟುವುದೇ ನಡುರಾತ್ರಿಯ ಹೊತ್ತಿಗೆ. ಹಗಲೆಲ್ಲ ಉಪವಾಸ ಇದ್ದವರು ಆಗ ಅರ್ಘ್ಯ ಬಿಡುತ್ತಾರೆ. ಮರುದಿನ, 15ಕ್ಕೆ, ವಿಟ್ಲಪಿಂಡಿ. ರಥಬೀದಿಯಲ್ಲಿ ಗೊಲ್ಲರ ವೇಷದವರು ಕೋಲಿನಿಂದ ಮೊಸರು ಕುಡಿಕೆ ಒಡೆಯುತ್ತಾ ಬಂದರು, ನನ್ನ ಅಂಗಿಯ ಮೇಲೂ ಅರ್ಧ ಕುಡಿಕೆ ಬಿತ್ತು.

ಹಾಗಾದ್ರೆ ಉಡುಪಿ ಅಷ್ಟಮಿ ಯಾವಾಗಲೂ ಒಂದು ತಿಂಗಳು ತಡಾನಾ?

ಇಲ್ಲ. ಶ್ರಾವಣದ ಬಹುಳ ಅಷ್ಟಮಿ ಆಗಸ್ಟ್ 17ರ ಆಚೆಗೆ ಬಿದ್ದರೆ ಆಗ ಸೂರ್ಯನೂ ಸಿಂಹದಲ್ಲೇ ಇರುತ್ತಾನೆ. ಇಬ್ಬರ ಹಬ್ಬವೂ ಸಾಮಾನ್ಯವಾಗಿ ಕೂಡಿಬರುತ್ತದೆ. 2024ರಲ್ಲಿ ಆಗಸ್ಟ್ 26ಕ್ಕೆ ಹಾಗೇ ಆಯಿತು. ಅಷ್ಟಮಿ ಆಗಸ್ಟ್ 17ಕ್ಕಿಂತ ಮೊದಲೇ ಬಂದ ವರ್ಷ ಮಾತ್ರ ಎಚ್ಚರ. ಉಡುಪಿಯಷ್ಟೇ ಅಲ್ಲ, ಶ್ರೀಜಯಂತಿಯನ್ನು ಸಿಂಹಮಾಸದ ರೋಹಿಣಿ ನೋಡಿ ಮಾಡುವ ಶ್ರೀವೈಷ್ಣವ ಮನೆಗಳಲ್ಲೂ ಇದೇ ಕತೆ.

## ಪಂಚಾಂಗ ಹಿಡಿದವರ ಪ್ರಶ್ನೆಗಳು

2023ರಲ್ಲಿ ನಮಗೆ ಗಣೇಶ 18ಕ್ಕೆ, ಮುಂಬೈಯ ತಂಗಿ ಮನೆಯಲ್ಲಿ 19ಕ್ಕೆ. ಇಬ್ಬರೂ ಚಾಂದ್ರಮಾನದವರೇ ಅಲ್ವಾ?

ಹೌದು, ತಿಂಗಳೂ ಒಂದೇ, ತಿಥಿಯೂ ಒಂದೇ. ಆದರೂ ದಿನ ಬೇರೆ. ಗಣೇಶನ ಚೌತಿಗೆ ಸೂರ್ಯೋದಯದ ನಿಯಮ ಸಾಲದು, ಮಧ್ಯಾಹ್ನ ಚೌತಿ ಇರಬೇಕು. ಇಲ್ಲಿ ಮಧ್ಯಾಹ್ನ ಅಂದರೆ ಹಗಲನ್ನು ಐದು ಪಾಲು ಮಾಡಿ ಮೂರನೆಯ ಪಾಲು. ಬೆಂಗಳೂರಿನಲ್ಲಿ ಸೆಪ್ಟೆಂಬರ್‌ನಲ್ಲಿ ಅದು ಸುಮಾರು 11ರಿಂದ ಒಂದೂವರೆಯವರೆಗೆ.

2023ರಲ್ಲಿ ಚೌತಿ ಸೆಪ್ಟೆಂಬರ್ 18ರ ಮಧ್ಯಾಹ್ನ 12:39ಕ್ಕೆ ಶುರುವಾಗಿ 19ರ ಮಧ್ಯಾಹ್ನ 1:43ಕ್ಕೆ ಮುಗಿಯಿತು. 18ರಂದು ಮಧ್ಯಾಹ್ನದ ಕೊನೆಯ ಮುಕ್ಕಾಲು ಗಂಟೆ ಮಾತ್ರ ಚೌತಿ ಸಿಕ್ಕಿತು. 19ರಂದು ಮಧ್ಯಾಹ್ನ ಪೂರ್ತಿ ಸಿಕ್ಕಿತು. ತದಿಗೆಗೆ ತಾಗಿದ ಚೌತಿಯೇ ಗಣೇಶನಿಗೆ ಒಳ್ಳೆಯದು ಅನ್ನುವವರು 18 ಹಿಡಿದರು. ಮಧ್ಯಾಹ್ನ ಪೂರ್ತಿ ತುಂಬಿದ ದಿನವೇ ಸರಿ ಅನ್ನುವವರು 19 ಹಿಡಿದರು. ಬ್ಯಾಂಕುಗಳ ರಜೆಯೂ ಬೆಂಗಳೂರಿನಲ್ಲಿ 18ಕ್ಕೆ, ಮುಂಬೈಯಲ್ಲಿ 19ಕ್ಕೆ ಇತ್ತು.

18 ಹಿಡಿದವರಿಗೆ ಇನ್ನೊಂದು ಪೇಚು. ಆ ದಿನ ಬೆಳಗ್ಗೆ ತದಿಗೆ ಇದ್ದದ್ದರಿಂದ ಗೌರಿ ಹಬ್ಬವೂ ಅಂದೇ. ಬೆಳಗ್ಗೆ ಗೌರಿಗೆ ಬಾಗಿನ, ಮಧ್ಯಾಹ್ನ ಗಣೇಶನಿಗೆ ಕಡುಬು. ನಮ್ಮಮ್ಮ ಆ ದಿನ ಒಲೆ ಬಿಟ್ಟು ಏಳಲಿಲ್ಲ.

ಮಗ ಅಮೆರಿಕದಲ್ಲಿದ್ದಾನೆ. ಇಲ್ಲಿಯ ಕ್ಯಾಲೆಂಡರ್ ಫೋಟೋ ಕಳಿಸಿದ್ರೆ ಸಾಕಾ?

ಸಾಲದು. ತಿಥಿ ಶುರುವಾಗುವ ಕ್ಷಣ ಲೋಕಕ್ಕೆಲ್ಲ ಒಂದೇ, ಆದರೆ ಗಡಿಯಾರ ಮತ್ತು ಸೂರ್ಯೋದಯ ಬೇರೆ. ಮೇಲಿನ ಚೌತಿಯನ್ನೇ ತೆಗೆದುಕೊಳ್ಳಿ. ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿ ಚೌತಿ 18ರ ಬೆಳಗಿನ ಜಾವ 3:09ಕ್ಕೆ ಶುರುವಾಗಿ 19ರ ಬೆಳಗಿನ ಜಾವ 4:13ಕ್ಕೆ ಮುಗಿಯಿತು. 18ರ ಮಧ್ಯಾಹ್ನ ಪೂರ್ತಿ ಚೌತಿ, 19ರ ಮಧ್ಯಾಹ್ನಕ್ಕೆ ಸುಳಿವೇ ಇಲ್ಲ. ಇಲ್ಲಿ ಎರಡು ದಿನದ ಜಗಳ ನಡೆಯುತ್ತಿದ್ದಾಗ ಅಲ್ಲಿ ಜಗಳಕ್ಕೆ ಕಾರಣವೇ ಇರಲಿಲ್ಲ. ಮಗನಿಗೆ ಅವನ ಊರಿನ ಹೆಸರು ಹಾಕಿ ಲೆಕ್ಕ ಮಾಡಿದ ಪಂಚಾಂಗ ನೋಡಲು ಹೇಳಿ.

ದೇಶದೊಳಗೂ ಇದು ಸ್ವಲ್ಪ ಇದೆ. ಕೋಲ್ಕತ್ತದಲ್ಲಿ ಸೂರ್ಯ ಉಡುಪಿಗಿಂತ ಹೆಚ್ಚುಕಡಿಮೆ ಒಂದು ಗಂಟೆ ಮೊದಲು ಹುಟ್ಟುತ್ತಾನೆ. ಆ ಗಂಟೆಯೊಳಗೆ ತಿಥಿ ಬದಲಾದರೆ ಎರಡೂ ಊರಿನ ದಿನಕ್ಕೆ ಬೇರೆ ಬೇರೆ ತಿಥಿಯ ಹೆಸರು ಬೀಳುತ್ತದೆ.

ಒಂದೇ ಬೀದಿಯಲ್ಲಿ ಅವರ ಏಕಾದಶಿ ನಾಳೆ, ನಮ್ಮದು ಇವತ್ತು. ಇದಕ್ಕೂ ಸೂರ್ಯ ಚಂದ್ರನೇ ಕಾರಣಾನಾ?

ಇಲ್ಲಿ ಕಾರಣ ಎರಡು. ಒಂದು ನಿಯಮದ್ದು. ಸ್ಮಾರ್ತರಿಗೆ ಸೂರ್ಯೋದಯದಲ್ಲಿ ಏಕಾದಶಿ ಇದ್ದರೆ ಸಾಕು. ವೈಷ್ಣವರು ಇನ್ನೂ ಹಿಂದಕ್ಕೆ ಹೋಗಿ ಅರುಣೋದಯ ನೋಡುತ್ತಾರೆ, ಅಂದರೆ ಸೂರ್ಯ ಹುಟ್ಟುವ ನಾಲ್ಕು ಘಳಿಗೆ ಮೊದಲು. ಒಂದು ಘಳಿಗೆಗೆ 24 ನಿಮಿಷ, ಒಟ್ಟು 96 ನಿಮಿಷ. ಆ ಹೊತ್ತಿನಲ್ಲಿ ದಶಮಿಯ ಸೋಂಕು ಇದ್ದರೆ ಅವರ ಉಪವಾಸ ಮರುದಿನಕ್ಕೆ.

ಇನ್ನೊಂದು ಗಣಿತದ್ದು. ಕೆಲವು ಪಂಚಾಂಗಗಳು ಸೂರ್ಯಸಿದ್ಧಾಂತದಂಥ ಹಳೆಯ ಗ್ರಂಥಗಳ ಸೂತ್ರದಿಂದ ತಿಥಿ ಲೆಕ್ಕ ಹಾಕುತ್ತವೆ. ದೃಗ್ಗಣಿತದವು ಇಂದಿನ ಖಗೋಳ ಲೆಕ್ಕ ಬಳಸುತ್ತವೆ. ಎರಡರ ನಡುವೆ ತಿಥಿ ಮುಗಿಯುವ ಸಮಯ ಕೆಲವು ಗಂಟೆಗಳಷ್ಟು ಬೇರೆಯಾಗಬಹುದು. ಗ್ರಹಣದ ದಿನ ಇದು ಬಯಲಾಗುತ್ತದೆ. ಗ್ರಹಣ ನಡೆಯುವುದು ಹುಣ್ಣಿಮೆ, ಅಮಾವಾಸ್ಯೆ ಮುಗಿಯುವ ಹೊತ್ತಿನ ಆಸುಪಾಸಿನಲ್ಲಿ, ಅದನ್ನು ಕಣ್ಣಾರೆ ನೋಡಬಹುದು. ಯಾವ ಲೆಕ್ಕ ಆಕಾಶಕ್ಕೆ ಹೊಂದುತ್ತದೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ, ದೃಗ್ಗಣಿತವೇ. ಆದರೆ ಮಠದ ಶಿಷ್ಯರಿಗೆ ಅವರ ಮಠದ ಪಂಚಾಂಗವೇ ಕೊನೆಯ ಮಾತು, ಅದು ಬೇರೆ ವಿಷಯ.

ಸರ್ಕಾರ ಒಂದು ಪಂಚಾಂಗ ಮಾಡಿ ಈ ಗೋಳು ಮುಗಿಸಬಾರದಾ?

ಮಾಡಿದೆ. 1952ರಲ್ಲಿ ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಕೂಡಿಸಿದರು. ಅವರು ದೇಶದ ಬೇರೆ ಬೇರೆ ಭಾಗದ ಪಂಚಾಂಗ ತರಿಸಿ ನೋಡಿ 1955ರಲ್ಲಿ ವರದಿ ಕೊಟ್ಟರು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಇಡೀ ದೇಶಕ್ಕೆ ಒಂದೇ ನಡುಬಿಂದು ಇಟ್ಟುಕೊಂಡು ಲೆಕ್ಕ ಹಾಕುತ್ತಾರೆ.

ಅದರಿಂದ ಗಣಿತದ ಗೊಂದಲ ಕಡಿಮೆಯಾಯಿತು. ಅಷ್ಟಮಿಗೆ ಶ್ರಾವಣ ನೋಡಬೇಕೋ ಸಿಂಹ ನೋಡಬೇಕೋ, ಚೌತಿಗೆ ತದಿಗೆಯ ನಂಟು ದೊಡ್ಡದೋ ಪೂರ್ತಿ ಮಧ್ಯಾಹ್ನ ದೊಡ್ಡದೋ, ಇದು ಗಣಿತದ ಪ್ರಶ್ನೆಯಲ್ಲ. ಅದು ಅವರವರ ಮನೆತನದ, ಮಠದ ಪದ್ಧತಿ. ದೆಹಲಿಯಿಂದ ಆದೇಶ ಬಂದರೆ ತುಳುನಾಡಿನವರು ಸೋಣ ತಿಂಗಳು ಬಿಡುತ್ತಾರಾ?

ರಜೆ ಹಾಕೋಕೆ, ಟಿಕೆಟ್ ಮಾಡೋಕೆ ಏನು ನೋಡಲಿ?

ಮೊದಲು ಹಬ್ಬ ನಡೆಯುವ ಜಾಗದ ಪದ್ಧತಿ ಕೇಳಿ. ದೇವಸ್ಥಾನದ ಉತ್ಸವವಾದರೆ ಆ ದೇವಸ್ಥಾನಕ್ಕೇ ಫೋನ್ ಮಾಡಿ, ಗೋಡೆಯ ಕ್ಯಾಲೆಂಡರ್ ನಂಬಬೇಡಿ. ಮನೆಯ ಹಬ್ಬವಾದರೆ ತಿಥಿ ಶುರುವಾಗುವ, ಮುಗಿಯುವ ಸಮಯ ನೋಡಿ. ಹಬ್ಬಕ್ಕೆ ಬೇಕಾದ ಹೊತ್ತು, ಅಂದರೆ ಅಷ್ಟಮಿಗೆ ನಡುರಾತ್ರಿ, ಗಣೇಶನಿಗೆ ಮಧ್ಯಾಹ್ನ, ಲಕ್ಷ್ಮೀಪೂಜೆಗೆ ಮುಸ್ಸಂಜೆ, ಆ ತಿಥಿಯೊಳಗೆ ಒಂದೇ ದಿನ ಬಿದ್ದಿದ್ದರೆ ಗೊಂದಲ ಬರುವುದು ಕಡಿಮೆ. ಎರಡು ದಿನವೂ ತಾಗಿದ್ದರೆ ಮನೆಯ ಹಿರಿಯರನ್ನು ಕೇಳಿ, ಆಮೇಲೆ ಟಿಕೆಟ್ ಮಾಡಿ. ಆಗಸ್ಟ್‌ನಲ್ಲಿ ಉಡುಪಿಗೆ ಹೊರಟಿದ್ದರೆ, ಸೋಣ ಶುರುವಾಗಿದೆಯಾ ಅಂತ ಒಂದು ಮಾತು ಕೇಳಿಕೊಂಡು ಹೊರಡಿ.